ಮಹಾಂತಮ್ಮನವರ ಹಣೆಯೂ ಕೊಟ್ರಪ್ಪನವರ ಹೊಟ್ಟೆಯುರಿಯೂ

ಬೇರೆಯವರಿಗೆ ಬಿ.ಪಿ., ಶುಗರ್ ಇರುವ ಹಾಗೆ ಪೀಣ್ಯ ಎರಡನೇ ಹಂತದ ಕೊಟ್ರಪ್ಪನವರಿಗೆ ಹೊಟ್ಟೆಯುರಿ. ಇಪ್ಪತ್ತೊಂದು ವರ್ಷದ ಕೆಳಗೆ ಕೊಟ್ಟೂರಿನಿಂದ ಒಂದು ಟ್ರಂಕು, ಒಂದು ಕ್ಯಾಮೆರಾ ಹಿಡಿದು ಬಂದು ಸ್ಟುಡಿಯೋ ತೆರೆದಾಗ ಎದುರು ಸ್ಟುಡಿಯೋದವನ ಪರದೆಯ ಮೇಲೆ ತಾಜಮಹಲಿತ್ತು, ಇವರ ಪರದೆಯ ಮೇಲೆ ಬರೀ ಗುಲಾಬಿ ಗಿಡ. ಕಾಯಿಲೆ ಅಲ್ಲಿಂದ ಶುರು. ತಾಜಮಹಲಿನವನು ಅಂಗಡಿ ಮುಚ್ಚಿದ ಮೇಲೆ ಅದು ಕಲರ್ ಲ್ಯಾಬುಗಳ ಕಡೆ ತಿರುಗಿತು, ಆಮೇಲೆ ಮದುವೆ ವಿಡಿಯೋದವರ ಕಡೆ. 1999ರಲ್ಲಿ ಮಾತ್ರ ಅದು ತೀರಾ ಮನೆ ಬಾಗಿಲಿಗೆ, ಅಂದರೆ ಸ್ಟುಡಿಯೋದ ಸರಿಯಾಗಿ ಕೆಳಗಿನ ಮಳಿಗೆಗೆ, ಬಂದು ಬೋರ್ಡು ಹಾಕಿಕೊಂಡಿತು: ಶ್ಯಾಮಲಾ ಡಿ.ಟಿ.ಪಿ. ಸೆಂಟರ್.

ಶ್ಯಾಮಲಾ ಅಂದರೆ ಕಟ್ಟಡದ ಯಜಮಾನ ಹನುಮಂತಯ್ಯನವರ ಮಗಳು, ಕಂಪ್ಯೂಟರಿನಲ್ಲಿ ಅಚ್ಚಿನ ಪುಟ ಜೋಡಿಸಿಕೊಡುವವಳು. ಮೂವತ್ತರ ಹತ್ತಿರದವಳು, ಮೆದು ಮಾತು, ಮೇಲಿನವರನ್ನು ಕಂಡರೆ ಎದ್ದು ನಿಲ್ಲುವವಳು. ಇದೇ ಕೊಟ್ರಪ್ಪನವರಿಗೆ ಕಷ್ಟ. ಸೊಕ್ಕಿನವಳಾಗಿದ್ದರೆ ದ್ವೇಷಿಸುವುದು ಎಷ್ಟು ಸಲೀಸು!

ಕೊಟ್ರಪ್ಪನವರ ಹೆಮ್ಮೆಯೆಲ್ಲ ಇದ್ದದ್ದು ಕಪ್ಪು-ಬಿಳುಪಿನಲ್ಲಿ. ಪೀಣ್ಯದ ಅರ್ಧ ಕಾರ್ಖಾನೆಗಳ ಗುರುತಿನ ಚೀಟಿಗೆ ಮುಖ ಕೊಟ್ಟವರು ಅವರು. ಗ್ರೀಸು ಮೆತ್ತಿದ ಮುಖವೂ ಅವರ ಡಾರ್ಕ್‌ರೂಮಿನಿಂದ ಹೊರಗೆ ಬರುವಾಗ ನಾಲ್ಕು ಜನ ಹೆಣ್ಣು ಕೊಡುವಂತಿರುತ್ತಿತ್ತು. ಕಲರ್ ಬಂದ ಮೇಲೆ ಅವರು ರೋಲು ಹೊತ್ತು ಲ್ಯಾಬಿಗೆ ಹೋಗಿ ಬರುವ ಆಳಾದರು. ಉಳಿದಿದ್ದ ಮಾನ ಒಂದೇ. ಊರ ಕಡೆಯಿಂದ ಬಂದು ನೆಲೆಸಿದ ಅವರ ಸಮಾಜದವರ ಸಂಘ ಪ್ರತಿ ವರ್ಷ ತರುವ ಸ್ಮರಣ ಸಂಚಿಕೆ ಒಂದೇ ಬಣ್ಣದಲ್ಲಿ ಅಚ್ಚಾಗುತ್ತಿತ್ತು. ಜನ ಕೊಟ್ಟ ಕಲರ್ ಫೋಟೋಗಳನ್ನು ಇವರು ಕ್ಯಾಮೆರಾದ ಮುಂದೆ ಬಣ್ಣದ ಗಾಜು ಹಿಡಿದು ಕಪ್ಪು-ಬಿಳುಪು ಫಿಲ್ಮಿಗೆ ಇಳಿಸಿ ಕೊಡುತ್ತಿದ್ದರು. ಹದಿನೆಂಟು ವರ್ಷದಿಂದ ಮೊದಲ ಪುಟದ ಅಡಿಯಲ್ಲಿ ಒಂದು ಸಾಲು ತಪ್ಪದೆ ಬರುತ್ತಿತ್ತು: ‘ಚಿತ್ರಗಳು: ಕೊಟ್ರಪ್ಪ’. ಹೆಂಡತಿ ಗೌರಮ್ಮ ಆ ಹದಿನೆಂಟೂ ಸಂಚಿಕೆಗಳನ್ನು ದೇವರ ಗೂಡಿನ ಕೆಳಗೆ ಜೋಡಿಸಿಟ್ಟಿದ್ದರು.

ಆ ವರ್ಷ ಸಂಘದ ಬೆಳ್ಳಿಹಬ್ಬ. ಸಂಘದ ಅಧ್ಯಕ್ಷ, ಲೇತ್ ವರ್ಕ್‌ಶಾಪಿನ ಸಿದ್ದರಾಮಪ್ಪನವರು ಫೋನ್ ಮಾಡಿದರು.

“ಕೊಟ್ರಪ್ಪ, ನಂದೂ ನಮ್ಮಾಕಿದೂ ಫೋಟೋ ನೀವೇ ತೆಗೀರಿ. ಮೊದಲನೇ ಪುಟಕ್ಕ ಬರ್ತದ. ಆದ್ರ ಕಪ್ಪು-ಬಿಳಿ ಮಾಡೂದು ಆ ಕೆಳಗಿನ ಹುಡುಗಿಗೆ ಕೊಟ್ಟೀನಿ.”

“ಯಾಕ್ರೀ, ನನ್ ಕೈಯಾಗೇನು ದೋಷ ಬಂತು?”

“ದೋಷ ಅಲ್ಲೋ ಮಾರಾಯ. ಕಂಪ್ಯೂಟರ್ ಅಂದ್ರ ಜನಕ್ಕ ಒಂದು ಗೌರವ. ಚಲೋ ಬಂದ್ರ ಇನ್ನ ಮ್ಯಾಲೆ ಆಕಿ ಹೆಸರೇ ಹಾಕೋಣ. ನೀವೂ ದಣದೀರಿ.”

ದಣಿದಿರುವುದು ತಮಗೇ ಗೊತ್ತಿಲ್ಲದ ಸಂಗತಿಯಾದ್ದರಿಂದ ಕೊಟ್ರಪ್ಪನವರು ರಿಸೀವರ್ ಇಟ್ಟು ಎದ್ದು ಕನ್ನಡಿಯಲ್ಲಿ ಮುಖ ನೋಡಿಕೊಂಡರು.

ಫೋಟೋ ತೆಗೆದದ್ದೇನೋ ಚೆನ್ನಾಗಿಯೇ ಬಂತು. ಸಿದ್ದರಾಮಪ್ಪನವರು ರುಮಾಲು ಸುತ್ತಿ ಎದೆ ಉಬ್ಬಿಸಿ ನಿಂತಿದ್ದರು. ಪಕ್ಕದಲ್ಲಿ ಮಹಾಂತಮ್ಮನವರು. ಹಸಿರು ಇಳಕಲ್ ಸೀರೆ, ಕೆಂಪು ದಡಿ, ತಲೆ ಮೇಲೆ ಸೆರಗು, ಹಣೆಗೆ ವಿಭೂತಿ, ಅದರ ಕೆಳಗೆ ನಾಲ್ಕಾಣೆ ಅಗಲದ ಕುಂಕುಮ. ಕೊಟ್ರಪ್ಪನವರು ಪ್ರಿಂಟನ್ನು ಕೆಳಗೆ ಕೊಟ್ಟು ಬಂದರು. ಮೆಟ್ಟಿಲಿಳಿಯುವಾಗ ಮಗಳನ್ನು ಬೇಡದ ಮನೆಗೆ ಕೊಟ್ಟು ಕಳಿಸಿದ ಹಾಗಾಯಿತಂತೆ.

ಮಾರನೆಯ ಬೆಳಿಗ್ಗೆ ಶ್ಯಾಮಲಾ ಲೇಸರ್ ಪ್ರಿಂಟ್ ಹಿಡಿದು ಮೇಲೆ ಬಂದಳು.

“ಸಾರ್, ಅಧ್ಯಕ್ಷರಿಗೆ ತೋರಿಸೋಕೆ ಮುಂಚೆ ನೀವೊಂದ್ಸಲ ನೋಡ್ಬಿಡಿ. ಫೋಟೋಶಾಪ್ ಹೊಸದು ಬಂದಿದೆ, ಐದನೇದು. ಅದರಲ್ಲಿ ಚಾನೆಲ್ ಮಿಕ್ಸರ್ ಅಂತ ಇದೆ. ಕಪ್ಪು-ಬಿಳುಪು ಮಾಡೋಕೆ ಮೊನೋಕ್ರೋಮ್ ಅಂತ ಒಂದು ಟಿಕ್ ಹಾಕಿದೆ ಸಾರ್, ಅಷ್ಟೇ. ಮುಖ ಹೆಂಗ್ ಬಂತು ನೋಡಿ!”

ನೋಡಿದರು. ಹೊಟ್ಟೆಯೊಳಗೆ ಒಲೆ ಹತ್ತಿಕೊಂಡಿತು. ಐವತ್ತೈದು ದಾಟಿದ ಮಹಾಂತಮ್ಮನವರು ಹಾಲಿನಲ್ಲಿ ಮಿಂದೆದ್ದ ಹಾಗೆ ಬೆಳ್ಳಗೆ ಹೊಳೆಯುತ್ತಿದ್ದರು. ಕೆನ್ನೆಯ ಬಂಗು ಇಲ್ಲ, ಕಣ್ಣ ಸುತ್ತಿನ ಕಪ್ಪಿಲ್ಲ. ತಾವು ಪೆನ್ಸಿಲ್ ಹಿಡಿದು ನೆಗೆಟಿವ್ ಮೇಲೆ ಎರಡು ದಿನ ಗೀಚಿದರೂ ಬಾರದ ನುಣುಪು ಒಂದು ಟಿಕ್ಕಿಗೆ ಬಂದಿದೆ! ಕೊಟ್ರಪ್ಪನವರು ಭೂತಗನ್ನಡಿ ತೆಗೆದುಕೊಂಡು ತಪ್ಪು ಹುಡುಕಲು ಕೂತರು. ರುಮಾಲಿನಲ್ಲಿಲ್ಲ. ಮೀಸೆಯಲ್ಲಿಲ್ಲ. ಸೀರೆಯಲ್ಲಿಲ್ಲ. ಹಣೆಗೆ ಬಂದರು.

ಕುಂಕುಮ ಇರಲಿಲ್ಲ.

ವಿಭೂತಿ ಮಸುಕಾಗಿಯಾದರೂ ಇತ್ತು. ಅದರ ಕೆಳಗೆ ನಾಲ್ಕಾಣೆ ಅಗಲದ ಖಾಲಿ ಹಣೆ. ಬರೀ ವಿಭೂತಿ ಹಚ್ಚಿ ಸೆರಗು ಹೊದ್ದ ಹೆಂಗಸೆಂದರೆ ಅವರ ಸಮಾಜದಲ್ಲಿ ಯಾರೆಂದು ಹಸುಳೆಗೂ ಗೊತ್ತು. ಪಕ್ಕದಲ್ಲಿ ಗಂಡ ಗುಂಡುಕಲ್ಲಿನಂತೆ ನಿಂತಿರುವಾಗಲೇ ಮಹಾಂತಮ್ಮನವರು ವಿಧವೆಯಾಗಿದ್ದರು.

ಕಾರಣವೂ ಕೊಟ್ರಪ್ಪನವರಿಗೆ ಆ ಕ್ಷಣವೇ ಹೊಳೆಯಿತು. ಕಸುಬಿಗೆ ಹೊಸತಾಗಿದ್ದಾಗ ಗಿರಾಕಿಗಳ ಹೆಸರನ್ನು ಬಿಳಿ ಚೀಟಿಗಳ ಮೇಲೆ ಕೆಂಪು ಪೆನ್ಸಿಲಿನಲ್ಲಿ ಬರೆದುಕೊಂಡು ಡಾರ್ಕ್‌ರೂಮಿಗೆ ಹೋಗಿದ್ದರು. ಒಳಗಿನ ಕೆಂಪು ದೀಪದಲ್ಲಿ ಅಷ್ಟೂ ಚೀಟಿ ಖಾಲಿ! ಕೆಂಪು ಬೆಳಕಿನ ಕಣ್ಣಿಗೆ ಕೆಂಪೂ ಒಂದೇ, ಬಿಳಿಯೂ ಒಂದೇ. ಈ ಹುಡುಗಿಯ ಯಂತ್ರವೂ ಕೆಂಪು ಕನ್ನಡಕ ಹಾಕಿಕೊಂಡೇ ನೋಡಿದೆ. ಚರ್ಮದಲ್ಲೂ ಕೆಂಪುಂಟು, ಬಂಗಿನಲ್ಲೂ ಉಂಟು, ಕುಂಕುಮವಂತೂ ಪೂರಾ ಕೆಂಪು. ಎಲ್ಲ ಸೇರಿ ಬೆಳ್ಳಗಾಗಿವೆ.

“ಹೆಂಗಿದೆ ಸಾರ್?”

ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕೊಟ್ರಪ್ಪನವರು ಅದನ್ನು ಕಾಫಿಯ ಜೊತೆ ನುಂಗಿದರು.

“ಪರವಾಗಿಲ್ಲಮ್ಮ. ತೋರಿಸು ಹೋಗು.” ಆಮೇಲೆ ಚಪ್ಪಲಿ ಹುಡುಕುತ್ತಾ, “ತಡಿ, ನಾನೂ ಬರ್ತೀನಿ” ಅಂದರು. ಇಂಥ ನಾಟಕಕ್ಕೆ ಮುಂದಿನ ಸಾಲಿನ ಕುರ್ಚಿ ಯಾರು ಬಿಡುತ್ತಾರೆ?

ವರ್ಕ್‌ಶಾಪಿನ ಆಫೀಸಿನಲ್ಲಿ ಸಿದ್ದರಾಮಪ್ಪನವರು ಮೊದಲು ತಮ್ಮ ಮೀಸೆ ನೋಡಿಕೊಂಡು ತೃಪ್ತರಾದರು. “ಬೆಂಕಿ ಬಂದೈತಲ್ಲವಾ!” ಅಂದು ಒಳಗೆ ಬುತ್ತಿ ಬಿಚ್ಚುತ್ತಿದ್ದ ಹೆಂಡತಿಯನ್ನು ಕರೆದರು. ಮಹಾಂತಮ್ಮನವರು ಕನ್ನಡಕ ಏರಿಸಿ ನೋಡಿದರು. ಮೊದಲು ನಾಚಿಕೊಂಡರು, ಅಷ್ಟು ಬೆಳ್ಳಗಿದ್ದರಲ್ಲ. ಆಮೇಲೆ ಅವರ ಕೈ ತಾನಾಗಿ ಹಣೆಗೆ ಹೋಯಿತು.

“ಇದೇನ್ರೀ ಇದು? ನನ್ ಕುಂಕುಮ ಎಲ್ಲಿ?”

ಹೊರಗೆ ಲೇತ್ ಕೂಡ ಆಗಲೇ ನಿಂತಿತು.

“ನೀವು ಇಲ್ಲೇ ಅದೀರಲ್ಲ? ಇಡೀ ಸಮಾಜಕ್ಕ ಮನಿ ಮನಿಗೆ ಹಂಚೂ ಪುಸ್ತಕದಾಗ ನನ್ನ ಹಿಂಗ ಕೂಡ್ರಸ್ತೀರೇನು?” ಮಹಾಂತಮ್ಮನವರ ಕಣ್ಣು ತುಂಬಿತು.

ಸಿದ್ದರಾಮಪ್ಪನವರು ತಾವು ಇರುವುದನ್ನು ಖಾತರಿ ಮಾಡಿಕೊಳ್ಳುವಂತೆ ಒಮ್ಮೆ ಎದೆ ಮುಟ್ಟಿಕೊಂಡರು. ಕೊಟ್ರಪ್ಪನವರು ಬಹಳ ಕಷ್ಟದಿಂದ ಮುಖವನ್ನು ದುಃಖದಲ್ಲಿಟ್ಟುಕೊಂಡು ಶ್ಯಾಮಲಾಳ ಕಡೆ ನೋಡಿದರು. ಆದರೆ ಸಿದ್ದರಾಮಪ್ಪನವರು ನೋಡಿದ್ದು ಇವರ ಕಡೆ.

“ಏನ್ರೀ ಕೊಟ್ರಪ್ಪ! ಹೆಂಗಸರ ಫೋಟೋ ತೆಗಿಯಾಗ ಹಣಿ ಮ್ಯಾಲೆ ಕುಂಕುಮ ಐತೋ ಇಲ್ಲೋ ನೋಡಬಾರದೇನು?”

“ನಾನಾ? ನಾನಲ್ಲರೀ, ಅದು ಕಂಪ್ಯೂಟರ್…”

“ಕಂಪ್ಯೂಟರ್ ತಪ್ಪು ಮಾಡತೈತೇನ್ರೀ? ಅದಕ್ಕ ಕೊಟ್ಟದ್ದು ಅದು ತೋರಿಸ್ತದ. ನಿಮ್ಮ ಲೈಟೇ ಹೊಡದು ಕುಂಕುಮ ಹಾರಿಹೋಗೇತಿ. ಅದಕ್ಕ ಅಂದೆ, ದಣದೀರಿ ಅಂತ!”

ಹದಿನೆಂಟು ವರ್ಷದ ಹೆಸರು ಆ ಟೇಬಲ್ಲಿನ ಮೇಲೆ ಮುಗಿಯುತ್ತಿತ್ತು. ಕೊಟ್ರಪ್ಪನವರು ಕೆಂಪು ದೀಪ, ಕೆಂಪು ಪೆನ್ಸಿಲ್ ಎಂದೆಲ್ಲ ವಿವರಿಸಬಹುದಿತ್ತು. ವಿವರಿಸಿದರೆ, ‘ಗೊತ್ತಿದ್ದೂ ಬೆಳಿಗ್ಗೆ ಯಾಕೆ ಹೇಳಲಿಲ್ಲ’ ಎಂಬ ಪ್ರಶ್ನೆಗೂ ಉತ್ತರ ಬೇಕಿತ್ತು.

“ಅಧ್ಯಕ್ಷರೇ, ಅವರ ತಪ್ಪಲ್ಲ” ಅಂದಳು ಶ್ಯಾಮಲಾ. ಚೀಲದಿಂದ ಕಲರ್ ಪ್ರಿಂಟ್ ತೆಗೆದು ಮುಂದಿಟ್ಟಳು. ಕುಂಕುಮ ಕೆಂಡದ ಹಾಗಿತ್ತು. “ನೋಡಿ, ಕೊಟ್ರಪ್ಪ ಸಾರ್ ಸರಿಯಾಗೇ ತೆಗೆದಿದ್ದಾರೆ. ಕಳೆದಿದ್ದು ನಾನು. ಹೇಗೆ ಕಳೀತು ಅಂತ ನನಗೇ ತಿಳೀತಿಲ್ಲ. ಸಂಜೆ ಒಳಗೆ ಸರಿ ಮಾಡ್ಕೊಂಡ್ ಬರ್ತೀನಿ.”

ಅವಳು ಹೀಗೆ ಅನ್ನದೆ ಇದ್ದಿದ್ದರೆ ಕೊಟ್ರಪ್ಪನವರಿಗೆ ಒಂದೇ ಸಂಕಟ. ಅಂದದ್ದರಿಂದ ಎರಡಾಯಿತು. ಕೆಲಸ ಹೋಗಲಿ, ಒಳ್ಳೆಯತನದಲ್ಲೂ ಈ ಹುಡುಗಿ ಮುಂದೆ!

ವಾಪಸ್ ಬಂದವರು ತಮ್ಮ ಮಹಡಿ ಹತ್ತಲಿಲ್ಲ. ಮೊದಲ ಸಲ ಡಿ.ಟಿ.ಪಿ. ಸೆಂಟರಿನೊಳಗೆ ಹೋಗಿ, ಕೇಳದೆಯೇ ಕುರ್ಚಿ ಎಳೆದುಕೊಂಡು ಕೂತರು.

“ಆ ಮಿಕ್ಸರ್ ತೆಗಿ.”

ಪರದೆಯ ಮೇಲೆ ಮೂರು ಗೆರೆಗಳು ಬಂದವು. ಕೆಂಪು ನೂರು, ಹಸಿರು ಸೊನ್ನೆ, ನೀಲಿ ಸೊನ್ನೆ.

“ನೋಡು, ನಿನ್ನ ಟಿಕ್ ಒಂದೇ ಗಾಜಿನಲ್ಲಿ ನೋಡಿದೆ. ಪೂರಾ ಕೆಂಪು. ಕಲರ್ ಅಂದ್ರೆ ಒಳಗೆ ಕೆಂಪು, ಹಸಿರು, ನೀಲಿ ಅಂತ ಮೂರು ಚಿತ್ರ ಅದಾವಲ್ಲ, ಒಂದೊಂದಕ್ಕೂ ಎಷ್ಟೆಷ್ಟು ಪಾಲು ಅಂತ ನೀನು ಹೇಳಬೇಕು. ನೀಲಿ ಒಂದನ್ನೇ ಹಾಕು ನೋಡೋಣ.”

ಹಾಕಿದಳು. ಕುಂಕುಮ ಕರ್ರಗೆ ಎದ್ದು ಬಂತು. ಜೊತೆಗೆ ಮಹಾಂತಮ್ಮನವರ ಮುಖವೂ ಮಸಿಯಾಯಿತು, ಬಂಗೆಲ್ಲ ಭೂಪಟದಂತೆ ಹರಡಿ ಮರಳು ಮರಳಾಯಿತು.

“ಅಯ್ಯೋ! ಇದನ್ನ ತೋರಿಸಿದ್ರೆ ಅಮ್ಮನೋರು ನನ್ನ ಹೊಡೀತಾರೆ.”

“ನೀಲಿ ಸೊನ್ನೆ ಮಾಡು. ಹಸಿರು ಅರವತ್ತು, ಕೆಂಪು ನಲವತ್ತು. ಕೂಡಿದ್ರೆ ನೂರಿರಲಿ, ಇಲ್ಲಾಂದ್ರೆ ಒಟ್ಟು ಬೆಳಕೇ ಏರುಪೇರಾಗ್ತದ.”

ಮುಖ ಬೆಳಗಿತು, ಕುಂಕುಮ ನಿಂತಿತು. ಶ್ಯಾಮಲಾ ಇನ್ನೇನು ಚಪ್ಪಾಳೆ ತಟ್ಟುವುದರಲ್ಲಿದ್ದಳು. ಕೊಟ್ರಪ್ಪನವರು ಕೈ ಎತ್ತಿದರು.

“ದಡಿ ಎಲ್ಲಿ ಹೋಯ್ತು?”

ಹಸಿರು ಸೀರೆಯೂ ಕೆಂಪು ದಡಿಯೂ ಒಂದೇ ಬೂದಿಯಾಗಿ ಕೂಡಿಕೊಂಡಿದ್ದವು. ಇಳಕಲ್ ಸೀರೆ ದಡಿ ಕಳೆದುಕೊಂಡರೆ ಬರೀ ಬಟ್ಟೆ. ಶ್ಯಾಮಲಾ ಹಸಿರನ್ನು ಮೆಲ್ಲಗೆ ಏರಿಸುತ್ತಾ, ಕೆಂಪನ್ನು ಅಷ್ಟೇ ಇಳಿಸುತ್ತಾ ಹೋದಳು. ಎಂಬತ್ತು, ಇಪ್ಪತ್ತು. ಸೀರೆ ತಿಳಿಯಾಯಿತು, ದಡಿ ಕಪ್ಪಗೆ ಕೆಳಗಿಳಿದು ಬೇರೆ ನಿಂತಿತು. ಮುಖ ಮೊದಲಿಗಿಂತ ಒಂದು ಛಾಯೆ ಕಂದಿದರೂ ಮಹಾಂತಮ್ಮನವರ ಮುಖವೇ ಆಗಿತ್ತು. ಹಣೆಯ ಮೇಲೆ ವಿಭೂತಿ ಬೆಳ್ಳಗೆ, ಕುಂಕುಮ ಗುಂಡಗೆ.

“ಅಬ್ಬಾ, ಸಾರ್!” ಅಂದಳು ಶ್ಯಾಮಲಾ. “ಬೆಳಿಗ್ಗೆ ನೀವು ಅಷ್ಟೊತ್ತು ಭೂತಗನ್ನಡಿ ಹಿಡಿದು ನೋಡ್ತಿದ್ರಲ್ಲ, ನನ್ನ ಕೆಲಸ ಮೆಚ್ಚಿಕೊಳ್ತಿದ್ದೀರಿ ಅನ್ಕೊಂಡು ಎಷ್ಟು ಖುಷಿಪಟ್ಟೆ ಗೊತ್ತಾ?”

ಕೊಟ್ರಪ್ಪನವರು ಪರದೆಯಿಂದ ಕಣ್ಣು ತೆಗೆಯಲಿಲ್ಲ.

“ಮೆಚ್ಚಿಕೊಂಡಿದ್ದೂ ಹೌದಮ್ಮ. ಕುಂಕುಮ ಇಲ್ಲದ್ದು ನೋಡಿದ್ದೂ ಹೌದು. ಹೇಳಲಿಲ್ಲ.”

ಶ್ಯಾಮಲಾ ಮೌಸ್ ಮೇಲಿನ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. ಬೈದಿದ್ದರೆ ಚೆನ್ನಾಗಿತ್ತು. ಅವಳು, “ಒಂದ್ ಮಾತು ಹೇಳಬಹುದಿತ್ತು ಸಾರ್” ಎಂದಷ್ಟೇ ಅಂದಳು.

“ಹೇಳಬಹುದಿತ್ತು.”

“ಸರಿ ಬಿಡಿ.” ಅವಳು ಮೊದಲ ಪುಟ ತೆರೆದು ಚಿತ್ರ ಕೂಡಿಸಿದಳು. “ಅಡೀಲಿ ಹೆಸರು ಹೇಗೆ ಹಾಕ್ಲಿ?”

ಕೊಟ್ರಪ್ಪನವರ ಒಳಗೆ ದೊಡ್ಡ ಯುದ್ಧವೇ ನಡೆಯಿತು. ಹದಿನೆಂಟು ವರ್ಷದ ಸಾಲು ಒಂದು ಕಡೆ, ವರ್ಕ್‌ಶಾಪಿನ ಟೇಬಲ್ಲಿನ ಮೇಲೆ ಅವಳಿಟ್ಟ ಕಲರ್ ಪ್ರಿಂಟ್ ಇನ್ನೊಂದು ಕಡೆ.

“ಇಬ್ಬರದೂ ಹಾಕಮ್ಮ” ಅಂದರು. ಅಂದ ಮೇಲೆ ಎದೆ ಹಗುರಾಯಿತು. ತಾವು ಇಷ್ಟು ದೊಡ್ಡ ಮನುಷ್ಯರೆಂದು ಅವರಿಗೇ ಗೊತ್ತಿರಲಿಲ್ಲ. ಆ ಹಗುರ ಅರ್ಧ ನಿಮಿಷ ಇತ್ತು.

“ನಂದು ಮೇಲಿರಲಿ.”

“ಜಾಗ ಇಲ್ಲ ಸಾರ್, ಒಂದೇ ಸಾಲು.”

“ಹಂಗಾದ್ರೆ ಎಡಗಡೆ” ಅಂದು ಕೊಟ್ರಪ್ಪನವರು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಇನ್ನಷ್ಟು ಎಳೆದುಕೊಂಡರು. “ಅಕ್ಷರ ಇಬ್ಬರದೂ ಒಂದೇ ಸೈಜ್ ಐತೇನು? ದೊಡ್ಡದು ಮಾಡಿ ತೋರಿಸು.”