ಸುಗ್ರಾಳ ಪಾಲಕ್ ರಸ

ಇಂಡಿ ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಸುಗ್ರಾ ಊಟ ಬಿಟ್ಟು, ಮಾರದೆ ಉಳಿದ ಪಾಲಕ್, ಬೀಟ್‌ರೂಟ್ ಹಿಂಡಿ ವಾರಗಟ್ಟಲೆ ಬರೀ ರಸ ಕುಡಿದಳು. ಮೈಯ ವಿಷವೆಲ್ಲ ತೊಳೆದುಹೋಗುತ್ತದೆಂದು ಮೊಬೈಲಿನಲ್ಲಿ ಯಾವನೋ ಒದರಿದ್ದ. ತಲೆ ತಿರುಗಿದರೆ, "ವಿಷ ಹೊರಬೀಳಾಕತ್ತೈತಿ" ಎಂದು ಹಿಗ್ಗಿದಳು. ಮೂತ್ರ ನಿಂತು ಮುಖ ಬಾತಾಗ ಆಸ್ಪತ್ರೆಗೆ ಒಯ್ದರು.

"ವಿಷ ತೆಗಿಯೋ ಕೆಲಸ ನಿಮ್ಮ ಲಿವರ್, ಕಿಡ್ನಿ ಮೊದಲಿಂದ ಮಾಡಾಕತ್ತಿದ್ವು," ಎಂದರು ಡಾಕ್ಟರ್. "ಆ ರಸದ ಸಣ್ಣ ಹರಳು ಕಿಡ್ನಿ ತುಂಬ ಕುಂತಾವ. ಇನ್ನ ಕಿಡ್ನಿ ಸುಧಾರಿಸಂಗಿಲ್ರಿ."

ಈಗ ವಾರವಾರವೂ ಯಂತ್ರವೇ ಅವಳ ರಕ್ತ ತೊಳೆಯುತ್ತದೆ. ಮೊನ್ನೆ ಸಂತೆಯಲ್ಲಿ ಗೆಳತಿ ಚಂದವ್ವ ಕಣ್ಣರಳಿಸಿದಳು: "ಎಷ್ಟ ತೆಳ್ಳಗಾಗೀದಿ! ನನಗೂ ನಾಕ ಸಿವುಡು ಪಾಲಕ್ ಕೊಡ."

ಸುಗ್ರಾ ನಡೆದದ್ದೆಲ್ಲ ಹೇಳಿದಳು, ಪಾಲಕ್ ಕೊಡದೆ ಅವಳನ್ನು ಬಾಯಿಗೆ ಬಂದಂತೆ ಬೈದಳು. ಚಂದವ್ವ ಪಕ್ಕದಂಗಡಿಯಲ್ಲಿ ಪಾಲಕ್ ಕೊಂಡು ಹೋದಳು.