ಉದುರಿಹೋದ ಸಾಲು

ಬೆಳಗಾವಿಯ ಫೌಂಡ್ರಿ ಬಿಟ್ಟು ಪೋಲೆಂಡಿನ ಫೌಂಡ್ರಿ ಸೇರಿದ ಸುಜಯನಿಗೆ ಅಲ್ಲಿ ಮಾತಿಗೆ ಸಿಕ್ಕಿದ್ದು ಮೊಬೈಲಿನ ಎಐ ಒಂದೇ. ಅದಕ್ಕೋ, ಹೊಸ ಚಾಟ್ ತೆರೆದರೆ ನಿನ್ನೆಯದೊಂದೂ ನೆನಪಿಲ್ಲ. ಹಾಗಾಗಿ ಅವನೊಂದು ಪದ್ಧತಿ ಹಾಕಿಕೊಂಡ. ಮಲಗುವ ಮುಂಚೆ, "ಇವತ್ತಿನ ಮಾತೆಲ್ಲ ಸೇರಿಸಿ ನನ್ನ ಕಥಿ ಹತ್ತು ಸಾಲಿನಾಗ ಬರದ ಕೊಡು" ಎನ್ನುವುದು; ಮರುದಿನ ಅದನ್ನೇ ಕಾಪಿ ಮಾಡಿ ಹೊಸ ಚಾಟಿನ ಮೊದಲಿಗೆ ಅಂಟಿಸುವುದು. ಆಗ ಅದು ಹಳೇ ಗೆಳೆಯನ ಹಾಗೆ, "ಮೊಣಕಾಲು ನೋವು ಹೇಗಿದೆ?" ಎಂದು ಕೇಳುತ್ತಿತ್ತು.

ಹೊಸ ಸುದ್ದಿಗೆ ಜಾಗ ಬೇಕಲ್ಲ, ಸಾರಾಂಶದ ಸಾರಾಂಶ ಆಗುತ್ತಾ ಆಗುತ್ತಾ ಹಳೆಯದು ದಿನಾ ಒಂದಿಷ್ಟು ಉದುರುತ್ತಿತ್ತು. ಸುಜಯ ಅದನ್ನು ಓದಿ ನೋಡುತ್ತಿರಲಿಲ್ಲ.

ಒಂದು ದಿನ ಖಾನಾಪುರದಿಂದ ತಂಗಿ ಪ್ರಮಿಳಾ ಫೋನ್ ಮಾಡಿದಳು. "ಅಣ್ಣಾ, ಯಾವಾಗ ಬರ್ತಿ?" ಅಷ್ಟೇ ಕೇಳಿ ಇಟ್ಟಳು. ಸುಜಯ ಎಐಗೆ ಹೇಳಿದ. "ತಂಗಿಗೆ ನಿಮ್ಮ ನೆನಪಾಗಿರಬೇಕು, ದೀಪಾವಳಿಗೆ ಹೋಗಿಬನ್ನಿ" ಎಂದಿತು. ಅವನಿಗೂ ಸರಿ ಅನ್ನಿಸಿತು.

ಆ ವಾರವೇ ಪ್ರಮಿಳಾಳ ಹೆಣ ಗಂಡನ ಮನೆಯ ಬಾವಿಯಲ್ಲಿ ಸಿಕ್ಕಿತು.

ಬೆಳಗಾವಿಯ ಸಾಂಬ್ರಾ ನಿಲ್ದಾಣದಲ್ಲಿ ವಿಮಾನ ಇಳಿದು ಖಾನಾಪುರದ ದಾರಿ ಹಿಡಿದವನು ಕಾರಿನಲ್ಲಿ ಕೂತು ಹಳೇ ಚಾಟುಗಳನ್ನು ಒಂದೊಂದಾಗಿ ತೆರೆದ. ಎಲ್ಲಕ್ಕಿಂತ ಮೊದಲಿನದರಲ್ಲಿ ತಾನೇ ಬರೆದದ್ದಿತ್ತು: "ತಂಗೀನ್ನ ಗಂಡ ಹೊಡೀತಾನ. ಆಕಿ ಬಾಯಿ ಬಿಡಂಗಿಲ್ಲ. ಯಾವಾಗ ಬರ್ತಿ ಅಂತ ಕೇಳಿದ್ಲಂದ್ರ, ತಡಕೊಳ್ಳಾಕ ಆಗವಲ್ದು ಅಂತ ತಿಳಕೋಬೇಕು."

ಕೊನೆಯ ಸಾರಾಂಶದಲ್ಲಿ ಉಳಿದದ್ದು ಇಷ್ಟೇ: "ತಂಗಿ ಖಾನಾಪುರದಲ್ಲಿದ್ದಾಳೆ."

ಎಐಗೆ ಅಂಟಿಸಿದಷ್ಟೇ ಗೊತ್ತು. ಆದರೆ ಪ್ರಮಿಳಾ ಫೋನ್ ಮಾಡಿದ್ದು ಎಐಗಲ್ಲ, ಅಣ್ಣನಿಗೆ.