ಸುರುಳಿ ರೆಕ್ಕೆಯ ನೊಣಗಳು

ನಮ್ಮ ಮನೆಯಲ್ಲಿ ಬಾಳೆಹಣ್ಣಿನ ಮೇಲೆ ನೊಣ ಕೂತರೆ ಅಮ್ಮ ಸೆರಗಿನಿಂದ ಬೀಸಿ ಓಡಿಸುತ್ತಾರೆ. ನಾನು ಅವಕ್ಕೆ ರವೆ, ಬೆಲ್ಲ, ಈಸ್ಟ್ ಹಾಕಿ ಗಂಜಿ ಕಾಯಿಸಿ, ಗಾಜಿನ ಸೀಸೆಗಳಿಗೆ ಸುರಿದು, ಹತ್ತಿಯಿಂದ ಬಾಯಿ ಮುಚ್ಚಿ ಸಾಕುತ್ತೇನೆ. ಕೊಳ್ಳೇಗಾಲದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನನಗೆ ಸಂಬಳ ಬರುವುದು ಪಾಠಕ್ಕೆ, ಮನಸ್ಸು ಇರುವುದು ನೊಣಗಳ ಕೋಣೆಯಲ್ಲಿ. ರೇಷ್ಮೆ ಸೀರೆ ನೇಯುವ ಮನೆಯಲ್ಲಿ ಹುಟ್ಟಿ ಹೀಗಾದಳಲ್ಲ ಎಂದು ಅಮ್ಮನಿಗೆ ಇವತ್ತಿಗೂ ಬೇಜಾರು. ನನಗೆ ಮಾತ್ರ ಒಂದು ದಿನವೂ ಬೇಜಾರಾಗಿಲ್ಲ.

ಆ ಕೋಣೆಯ ಸೀಸೆಗಳಲ್ಲಿ ಒಂದು ತಳಿ ನನ್ನ ಜೀವವಾಗಿತ್ತು. ಮೈಸೂರಿನಲ್ಲಿ ಪಿಎಚ್‌ಡಿ ಮಾಡುವಾಗ ನಾಲ್ಕು ವರ್ಷ ಹುಡುಕಿ ಹಿಡಿದ ಮ್ಯುಟೇಷನ್, ಅಂದರೆ ಜೀನಿನಲ್ಲಾದ ಬದಲಾವಣೆ, ಅದರಲ್ಲಿದೆ, ಅದು ಮರಣಕಾರಿ. ಅಪ್ಪನಿಂದ ಒಂದು, ಅಮ್ಮನಿಂದ ಒಂದು ಎಂದು ಎರಡು ಪ್ರತಿ ಸೇರಿದರೆ ಮರಿ ಮೊಟ್ಟೆಯಲ್ಲೇ ಸಾಯುತ್ತದೆ. ಒಂದೇ ಪ್ರತಿ ಇದ್ದರೆ ನೊಣ ಚೆನ್ನಾಗಿ ಬದುಕುತ್ತದೆ. ಆದರೆ ಸುಮ್ಮನೆ ಬಿಟ್ಟರೆ ಆ ಮ್ಯುಟೇಷನ್ ಇಲ್ಲದ ಗಟ್ಟಿ ನೊಣಗಳೇ ತುಂಬಿಕೊಂಡು, ನಾಲ್ಕಾರು ತಲೆಮಾರಿನಲ್ಲಿ ನನ್ನ ಮ್ಯುಟೇಷನ್ ಹೇಳಹೆಸರಿಲ್ಲದೆ ಹೋಗುತ್ತದೆ.

ಹಾಗಾಗದಂತೆ ಕಾಯುವುದು ಬ್ಯಾಲೆನ್ಸರ್ ಎಂಬ ಕ್ರೋಮೋಸೋಮು. ಅದನ್ನು ನನ್ನ ಮ್ಯುಟೇಷನ್ ಇರುವ ಕ್ರೋಮೋಸೋಮಿಗೆ ಜೋಡಿಯಾಗಿ ಇಟ್ಟಿರುತ್ತೇವೆ. ಅದರ ತುಂಡುಗಳು ಹಿಂದುಮುಂದಾಗಿ ಜೋಡಣೆಯಾಗಿರುವುದರಿಂದ ಜೋಡಿ ಕ್ರೋಮೋಸೋಮಿನ ಜೊತೆ ತುಂಡು ಅದಲುಬದಲಾದರೆ ಆ ಮರಿ ಉಳಿಯುವುದಿಲ್ಲ, ಹಾಗಾಗಿ ಮ್ಯುಟೇಷನ್ ಜಾಗ ಬಿಟ್ಟು ಕದಲುವುದಿಲ್ಲ. ಬ್ಯಾಲೆನ್ಸರ್‌ನ ಎರಡು ಪ್ರತಿ ಸೇರಿದರೂ ಸಾವೇ. ಅಂದರೆ ಬದುಕುವುದು ಇದೊಂದು ಅದೊಂದು ಇರುವ ಮರಿಗಳು ಮಾತ್ರ. ಬ್ಯಾಲೆನ್ಸರ್‌ನಲ್ಲಿ ರೆಕ್ಕೆಯನ್ನು ಮೇಲಕ್ಕೆ ಸುರುಳಿ ಮಾಡುವ ಗುರುತೂ ಇರುತ್ತದೆ. ಸೀಸೆಯಲ್ಲಿ ಎಲ್ಲರ ರೆಕ್ಕೆ ಸುರುಳಿಯಾಗಿದ್ದರೆ ತಳಿ ಕ್ಷೇಮ. ನೆಟ್ಟಗಿನ ರೆಕ್ಕೆ ಕಂಡರೆ ಯಾರೋ ಹೊರಗಿನವರು ನುಗ್ಗಿದ್ದಾರೆ ಎಂದರ್ಥ.

ನನ್ನ ಗುರುಗಳು ನಿವೃತ್ತರಾಗಿ ಅಲ್ಲಿಯ ಪ್ರಯೋಗಾಲಯ ಮುಚ್ಚಿದ ಮೇಲೆ ಈ ತಳಿ ನನ್ನ ಬಳಿ ಮಾತ್ರ ಉಳಿದಿತ್ತು. ಅದನ್ನು ನನ್ನ ವಿದ್ಯಾರ್ಥಿನಿಗೆ ಕೊಡುವುದಾಗಿ ಮಾತು ಕೊಟ್ಟಿದ್ದೆ. ಮಾರ್ಟಳ್ಳಿಯ ಹುಡುಗಿ, ಅಮ್ಮನ ಜೊತೆ ತಮಿಳು, ನನ್ನ ಜೊತೆ ಕನ್ನಡ, ನೊಣಗಳ ಜೊತೆ ಎರಡೂ ಮಾತಾಡುತ್ತಾಳೆ. ಪಿಎಚ್‌ಡಿಗೆ ಸೇರಲು ಅವಳು ಬರೆದುಕೊಂಡ ಯೋಜನೆಯೆಲ್ಲ ಈ ಒಂದು ಮ್ಯುಟೇಷನ್ ಮೇಲೇ ನಿಂತಿತ್ತು.

ಆ ಬೇಸಿಗೆಯಲ್ಲಿ ನೊಣಗಳ ಕೋಣೆಯ ಎಸಿ ಕೆಟ್ಟಿತು. ಸೆಕೆಗೆ ಸೀಸೆ ಸೀಸೆಯೇ ಸಾಯತೊಡಗಿತು. ಅದೇ ವಾರ ನನಗೆ ಹನೂರಿನಲ್ಲಿ ಪರೀಕ್ಷಾ ಡ್ಯೂಟಿ ಬಿತ್ತು. ನಾನು ಗಂಟುಮೂಟೆ ಕಟ್ಟುತ್ತಿದ್ದಾಗ ವಿದ್ಯಾರ್ಥಿನಿಯೇ ಉಳಿದ ನೊಣಗಳಿಂದ ಎರಡು ಹೊಸ ಸೀಸೆಯಲ್ಲಿ ಮೊಟ್ಟೆ ಇಡಿಸಿ, ಪದ್ಧತಿಯಂತೆ ದೊಡ್ಡ ನೊಣಗಳನ್ನು ತೆಗೆದುಹಾಕಿದಳು, ತಳಿ ಈಗ ಆ ಮೊಟ್ಟೆಗಳಲ್ಲಿ ಮಾತ್ರ ಉಳಿದಿತ್ತು. ಆ ಸೀಸೆಗಳನ್ನು ಯಳಂದೂರಿನ ಸೋದರಮಾವನ ಹತ್ತಿರ ಬಿಟ್ಟೆ. ಮಾವ ರೇಷ್ಮೆ ಹುಳುವಿನ ಮೊಟ್ಟೆ ತಯಾರಿಸುವವರು, ಮೊಟ್ಟೆ ಕೆಡದಂತೆ ಕಾದಿಡಲು ಎಸಿ ಕೋಣೆ ಇದೆ, ಆಗ ಅದು ಖಾಲಿ ಇತ್ತು. "ಇಪ್ಪತ್ತೈದು ಡಿಗ್ರಿ ಇರ್ಲಿ ಮಾವ, ಹತ್ತು ದಿನಕ್ಕೆ ನೊಣ ಆಗ್ತವೆ" ಎಂದು ಹೇಳಿ ಬಸ್ ಹತ್ತಿದೆ.

ಹನೂರಿನಲ್ಲಿ ಡ್ಯೂಟಿ ಬೆಳೆಯಿತು. ಇಪ್ಪತ್ತನೆಯ ದಿನ ನೇರ ಯಳಂದೂರಿಗೆ ಬಂದೆ, ವಿದ್ಯಾರ್ಥಿನಿಯೂ ಮೈಕ್ರೋಸ್ಕೋಪ್ ಹೊತ್ತು ಬಂದಿದ್ದಳು. ನೊಣಗಳಿಗೆ ಈಥರ್‌ನಿಂದ ಅಮಲು ಬರಿಸಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ. ನೆಟ್ಟಗಿನ ರೆಕ್ಕೆ. ಇನ್ನೊಂದು, ಅದೂ ನೆಟ್ಟಗೆ. ಎರಡೂ ಸೀಸೆ ಹುಡುಕಿದರೂ ಸರಿಯಾದ ಸುರುಳಿ ಒಂದೂ ಇಲ್ಲ.

ನನ್ನ ಕೋಪ ಗೊತ್ತಿದ್ದವರು ಆಗ ದೂರ ನಿಲ್ಲುತ್ತಾರೆ. ಪಾಪ, ಆ ಹುಡುಗಿ ಪಕ್ಕದಲ್ಲೇ ಇದ್ದಳು. ಅವಳು ಇನ್ನೊಂದು ಕೆಲಸಕ್ಕೆಂದು ಬಾಳೆಮಂಡಿಯಲ್ಲಿ ಕಾಡುನೊಣ ಹಿಡಿದು ಸಾಕುತ್ತಿದ್ದಳು. ಅವೇ ಇದರೊಳಗೆ ಹೋಗಿವೆ ಎಂದು ನನಗೆ ಅನುಮಾನವೇ ಇರಲಿಲ್ಲ. "ನಾಲ್ಕು ವರ್ಷದ ಕೆಲಸ! ಎರಡು ಸೀಸೆ ಬದಲಾಯಿಸೋಕೆ ಬರಲ್ವಾ ನಿನಗೆ? ಯಾವ ಸೀಸೆಯಿಂದ ಸುರಿದೆ?" ಎಂದು ಮಾವನ ಮುಂದೆಯೇ ಬಾಯಿಗೆ ಬಂದಂತೆ ಬೈದೆ. ಅವಳ ಕಣ್ಣು ತುಂಬಿತು, ತಲೆ ಮಾತ್ರ ತಗ್ಗಲಿಲ್ಲ.

"ನಾನ್ ಬೆರೆಸಿಲ್ಲ ಮೇಡಂ" ಎಂದಳು. ಮೂಗು ಒರೆಸಿಕೊಂಡು ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿದಳು. ಸ್ವಲ್ಪ ಹೊತ್ತಿನ ಮೇಲೆ, "ಇವುಗಳ ಮೈ ಬೆಳ್ಳಗದೆ ಮೇಡಂ. ಇವತ್ತೇ ಉಟ್ಟಿರೋವು. ಗೂಡು ಇನ್ನೂ ಅರ್ಧ ಒಡ್ದೇ ಇಲ್ಲ. ಅತ್ ದಿನಕ್ಕೆ ಬರಬೇಕಾದವು ಇಪ್ಪತ್ ದಿನ ಯಾಕ್ ತಕಂಡ್ವು?" ಎಂದು ಕೇಳಿದಳು.

ನಾವಿಬ್ಬರೂ ಒಟ್ಟಿಗೆ ತಲೆ ಎತ್ತಿ ಗೋಡೆಯ ಎಸಿ ನೋಡಿದೆವು. ಹದಿನೆಂಟು.

"ನಾನೇ ಇಟ್ಟೆ ಕಣವ್ವ" ಎಂದರು ಮಾವ, ಹೆಮ್ಮೆಯಿಂದ. "ಮೊಟ್ಟೆಗೆ ತಂಪಿದ್ರೆ ಬಾಳ್ ದಿನ ಕೆಡಾಕಿಲ್ಲ. ನಲವತ್ ವರ್ಸದಿಂದ ನೋಡ್ತಿವ್ನಿ. ಇಪ್ಪತ್ತೈದು ಅಂದ್ಯಲ್ಲ, ಈ ಬಿಸ್ಲಲ್ಲಿ ಎಂಗವ್ವ ಮನ್ಸು ಬಂದದು? ನೋಡು, ಒಂದಾದ್ರೂ ಸತ್ತವಾ?"

ಸುರುಳಿ ರೆಕ್ಕೆಯ ಗುರುತು ಚಳಿಗೆ ಸರಿಯಾಗಿ ಕಾಣುವುದಿಲ್ಲ ಎಂದು ಪ್ರತಿ ವರ್ಷ ತರಗತಿಯಲ್ಲಿ ಹೇಳುವವಳು ನಾನೇ. ನೊಣ ಗೂಡಿನಲ್ಲಿರುವಾಗ ತಂಪು ಹೆಚ್ಚಾದರೆ, ಬ್ಯಾಲೆನ್ಸರ್ ಮೈಯಲ್ಲಿದ್ದರೂ ರೆಕ್ಕೆ ನೆಟ್ಟಗೇ ಬರಬಹುದು. ಮತ್ತೆ ಹುಡುಕಿದಾಗ ಮೂರು ನಾಲ್ಕು ರೆಕ್ಕೆಗಳ ತುದಿ ಒಂಚೂರು ಮೇಲಕ್ಕೆದ್ದಂತೆ ಕಂಡಿತು. ನಿಜವೋ, ನನ್ನ ಆಸೆಯೋ ಹೇಳಲಾಗಲಿಲ್ಲ. ಒಮ್ಮೆ ನೆಟ್ಟಗಾದ ರೆಕ್ಕೆ ಮತ್ತೆ ಸುರುಳಿಯಾಗುವುದೂ ಇಲ್ಲ. ತಿಳಿಯಲು ಇದ್ದದ್ದು ಒಂದೇ ದಾರಿ, ಇವುಗಳ ಮಕ್ಕಳನ್ನು ಬೆಚ್ಚಗೆ ಬೆಳೆಸಿ ನೋಡುವುದು. ಒಂದು ಗಂಡು, ಒಂದು ಹೆಣ್ಣಿನಂತೆ ಹನ್ನೆರಡು ಸೀಸೆ ಮಾಡಿದೆವು. ಕಾಡುನೊಣ ಸೇರಿದ್ದರೆ ಮಕ್ಕಳಲ್ಲಿ ನೆಟ್ಟಗಿನ ರೆಕ್ಕೆ ಖಂಡಿತ ಬರುತ್ತದೆ. ಮಾವನ ಎಸಿಯನ್ನು ಇಪ್ಪತ್ತೈದಕ್ಕೆ ಏರಿಸಿ ರಿಮೋಟನ್ನು ನನ್ನ ಬ್ಯಾಗಿಗೆ ಹಾಕಿಕೊಂಡೆ. "ಸೆಕೇಲಿ ಬೇಯಿಸ್ತೀಯ ಬುಡು" ಎಂದು ಮಾವ ಮುಖ ಊದಿಸಿಕೊಂಡರು.

ನಡುವೆ ಒಮ್ಮೆ ಬಂದು, ಮೊಟ್ಟೆ ಇಟ್ಟ ದೊಡ್ಡ ನೊಣಗಳನ್ನು ತೆಗೆದುಹಾಕಿ ಹೋದೆ. ಆ ಹತ್ತು ದಿನ ಹುಡುಗಿಗೆ ಫೋನ್ ಮಾಡಲು ಮುಖವಿರಲಿಲ್ಲ. ತಳಿ ಉಳಿಯಲಿ ಎಂಬುದಕ್ಕಿಂತ ಹೆಚ್ಚಾಗಿ, ಅವಳು ಬೆರೆಸಿರದಿರಲಿ ಎಂದು ಬೇಡಿಕೊಂಡೆ. ಬೆರೆಸಿದ್ದರೆ ನನ್ನ ಬೈಗುಳ ನಿಜವಾಗುತ್ತಿತ್ತು, ಅದನ್ನು ನಾನು ಬಯಸಲಿಲ್ಲ.

ಹನ್ನೊಂದನೆಯ ದಿನ ಬೆಳಿಗ್ಗೆ ಅವಳನ್ನೇ ಮೈಕ್ರೋಸ್ಕೋಪ್ ಮುಂದೆ ಕೂರಿಸಿದೆ. ಕುಂಚದ ತುದಿಯಿಂದ ಒಂದೊಂದೇ ನೊಣ ಸರಿಸುತ್ತ, "ಸುರುಳಿ. ಸುರುಳಿ. ಸುರುಳಿ" ಎಂದು ಎಣಿಸಿದಳು. ಮೊದಮೊದಲು ಮೆಲ್ಲಗೆ, ಐದನೆಯ ಸೀಸೆಯ ಹೊತ್ತಿಗೆ ರಾಗ ಹಾಕಿ. ಹನ್ನೆರಡು ಸೀಸೆಯಲ್ಲೂ ನೆಟ್ಟಗಿನ ರೆಕ್ಕೆ ಒಂದೂ ಇರಲಿಲ್ಲ. ಮಾವ ಬಗ್ಗಿ ನೋಡಿ, "ಇವಕ್ಕೆ ಏನೋ ರೋಗ ಬಂದದೆ, ರೆಕ್ಕೆ ಮುದುಡ್ಕಂಡವೆ. ನಾನ್ ಸಾಕ್ದವೇ ಚೆಂದಾಗಿದ್ವು" ಎಂದರು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ನನಗೆ ನಗುತ್ತಲೇ ಅಳು ಬಂತು.

"ತಪ್ಪು ನಂದು" ಎಂದೆ. "ಮಾವನ ಮುಂದೆ ಬೈದೆ, ಮಾವನ ಮುಂದೆಯೇ ಹೇಳ್ತೀನಿ. ನೀನು ಬೆರೆಸಿರಲಿಲ್ಲ." ಎರಡು ಸೀಸೆ ಆರಿಸಿ ಅವಳ ಕೈಗಿಟ್ಟೆ.

ಅವಳು ಒಂದನ್ನು ಬ್ಯಾಗಿಗೆ ಹಾಕಿಕೊಂಡು ಇನ್ನೊಂದನ್ನು ನನ್ನ ಕಡೆ ತಳ್ಳಿದಳು. "ಇದು ನಿಮ್ಮತ್ರ ಇರ್ಲಿ ಮೇಡಂ. ನನ್ ಕೈಲಿ ಸತ್ತೋದ್ರೆ ಬಂದು ತಕಂಡು ಓಯ್ತೀನಿ" ಎಂದಳು. ಆಮೇಲೆ, ಒಂಚೂರೂ ನಗದೆ, "ಆದ್ರೆ ಮುಂದಿನ್ ಸಲ ಬೈಯೋಕ್ ಮುಂಚೆ ಅತ್ ದಿನ ಕಾಯಿರಿ" ಎಂದಳು.